ಆತಂಕದಿಂದ ಬಂದ ಮಲಬದ್ಧತೆ: ತಿಣುಕುವುದನ್ನು ಬಿಟ್ಟು ಗೆದ್ದ ನನ್ನ ಅನುಭವ

ನಾರು, ನೀರು, ನಡಿಗೆ ಮೂರನ್ನೂ ವರ್ಷಗಟ್ಟಲೆ ಪಾಲಿಸಿಯೂ ಹೊಟ್ಟೆ ಖಾಲಿಯಾಗದೆ ಕಂಗೆಟ್ಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉಸಿರಾಟದಿಂದ ಮಲಬದ್ಧತೆ ಹೋಗುತ್ತದೆಯೇ ಎಂದು ಆಪ್ತರೇ ನಂಬದಿದ್ದಾಗ ಹಿಡಿದ ದಾರಿ ಇದು. ಈಗ ವಾರಕ್ಕೆ ಐದಾರು ಬಾರಿ ಸಲೀಸಾಗಿ ಆಗುತ್ತಿದೆ. ಮೊದಲು ಎರಡು ಸಲವಾದರೆ ಅದೇ ಹೆಚ್ಚು.

ವಿಫಲವಾದವುಗಳ ಪಟ್ಟಿ ಉದ್ದವಿದೆ. ಇಸಬ್ಗೋಲನ್ನು ಹೆಚ್ಚಿಸುತ್ತಾ ಹೋದಷ್ಟೂ ಹೊಟ್ಟೆಯುಬ್ಬರ ಹೆಚ್ಚಿತೇ ಹೊರತು ಬೇರೇನೂ ಆಗಲಿಲ್ಲ. ಚೂರ್ಣ, ಮಾತ್ರೆ, ಪ್ರೋಬಯಾಟಿಕ್ ಎಂದು ಸುರಿದ ಹಣವನ್ನು ಅಂದಾಜು ಮಾಡಿದರೆ ಎರಡು ತಿಂಗಳ ಸಂಬಳಕ್ಕೆ ಕಡಿಮೆಯಿಲ್ಲ. ಈ ನಡುವೆ ನಿದ್ರೆಗೂ ಬೇಸರಕ್ಕೂ ಎಂದು ಕೊಟ್ಟ ಅಮಿಟ್ರಿಪ್ಟಿಲಿನ್ ಕರುಳನ್ನು ಇನ್ನಷ್ಟು ನಿಧಾನಗೊಳಿಸಿತು. ಬಾಯಿಯನ್ನು ಒಣಗಿಸುವ ಅದೇ ಗುಣ ಕರುಳಿನ ಚಲನೆಯನ್ನೂ ತಗ್ಗಿಸುತ್ತದೆ ಎಂದು ವೈದ್ಯರೇ ವಿವರಿಸಿ ಔಷಧಿ ಬದಲಿಸಿದರು. ಮನಸ್ಸಿನ ಮಾತ್ರೆ ನುಂಗುತ್ತಿರುವವರು ಅದನ್ನು ತಾವಾಗಿಯೇ ನಿಲ್ಲಿಸದೆ ಈ ಪ್ರಶ್ನೆಯನ್ನು ವೈದ್ಯರ ಮುಂದಿಡಬೇಕು.

ತಿರುವು ಸಿಕ್ಕಿದ್ದು ಗುದದ್ವಾರದ ಒತ್ತಡವನ್ನು ಅಳೆಯುವ ಪರೀಕ್ಷೆಯಲ್ಲಿ. ಸುಮಾರು 50 ಮಿ.ಲೀ. ನೀರು ತುಂಬಿದ ಸಣ್ಣ ಬಲೂನನ್ನು ಒಳಗಿಟ್ಟು ಹೊರಹಾಕಲು ಹೇಳುತ್ತಾರೆ. ಹೆಚ್ಚಿನವರಿಗೆ ಒಂದೆರಡು ನಿಮಿಷ ಸಾಕು. ನನ್ನಿಂದ ಅದು ಆಗಲೇ ಇಲ್ಲ. ಪರದೆಯ ಮೇಲಿನ ಗೆರೆ ಕಾರಣವನ್ನು ತೋರಿಸಿತು: ನಾನು ತಿಣುಕಿದಾಗಲೆಲ್ಲ ಸಡಿಲವಾಗಬೇಕಿದ್ದ ಗುದದ್ವಾರದ ಸ್ನಾಯು ಬಿಗಿಯುತ್ತಿತ್ತು. ಅಗುಳಿ ಹಾಕಿದ ಬಾಗಿಲನ್ನು ಒಳಗಿನಿಂದ ನೂಕಿದಂತೆ. ಹಲವರಲ್ಲಿ ಆತಂಕವಿದ್ದಾಗ ಹೆಗಲು, ದವಡೆಗಳ ಹಾಗೆಯೇ ಗುದದ್ವಾರದ ಸುತ್ತ ಕೆಳಗಿನಿಂದ ಆಧಾರ ಕೊಡುವ ಶ್ರೋಣಿಯ ತಳದ ಸ್ನಾಯುಗಳೂ ತಮಗರಿವಿಲ್ಲದೆ ಸೆಟೆದುಕೊಳ್ಳುತ್ತವೆ. ಬಾಗಿಲು ತೆರೆಯದಿದ್ದರೆ ನಾರಿನಿಂದ ಹಿಂದಿನ ರಾಶಿ ಬೆಳೆಯುತ್ತದೆ, ಅಷ್ಟೇ.

ಬಯೋಫೀಡ್‌ಬ್ಯಾಕ್ ತರಬೇತಿಯಲ್ಲಿ ಆ ಗೆರೆಯನ್ನು ನೋಡುತ್ತಲೇ ಸ್ನಾಯುವನ್ನು ಬಿಡುವುದನ್ನು ಕಲಿತೆ. ಅದು ದುಬಾರಿಯಾದ್ದರಿಂದ ಕೆಲವು ಸಲವಷ್ಟೇ ಹೋಗಿ ಉಳಿದದ್ದನ್ನು ಮನೆಯಲ್ಲೇ ರೂಢಿಸಿಕೊಂಡೆ. ಮಂಡಿಗಳು ಸೊಂಟಕ್ಕಿಂತ ಮೇಲೆ ಬರುವಂತೆ ಕಾಲ ಕೆಳಗೆ ಮಣೆಯಿಟ್ಟು, ಮುಂದೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೂರಿ ಕುಳಿತುಕೊಳ್ಳುತ್ತೇನೆ. ಉಸಿರೆಳೆದಾಗ ಹೊಟ್ಟೆ ಮುಂದೆ ಬರಬೇಕು, ಗುದದ್ವಾರ ಕೆಳಕ್ಕೆ ಇಳಿದಂತೆ ಅನಿಸಬೇಕು. ಉಸಿರು ಬಿಡುವಾಗ ಬಾಯಿ ಸ್ವಲ್ಪ ತೆರೆದಿದ್ದು, ಸೊಂಟ ಅಗಲವಾದಂತೆ ಮೆಲ್ಲಗೆ ಒತ್ತಬೇಕು. ಉಸಿರು ಕಟ್ಟಿದರೆ ಅಥವಾ ಹಲ್ಲು ಕಚ್ಚಿದರೆ ಕೆಳಗೂ ಬಿಗಿಯಿತೆಂದೇ ಲೆಕ್ಕ. ಸರಿ ತಪ್ಪು ತಿಳಿಯಲು ನನಗೆ ದೊರೆತ ಅತ್ಯಂತ ನಂಬಿಕೆಯ ಗುರುತು ಇದು. ಹತ್ತು ನಿಮಿಷದೊಳಗೆ ಆಗದಿದ್ದರೆ ಎದ್ದುಬಿಡುತ್ತೇನೆ.

ಹೊತ್ತೂ ಮುಖ್ಯ. ಎದ್ದ ಮೇಲೆ ಮತ್ತು ಹೊಟ್ಟೆಗೆ ಆಹಾರ ಬಿದ್ದ ಮೇಲೆ ದೊಡ್ಡ ಕರುಳಿನಲ್ಲಿ ಬಲವಾದ ಅಲೆಗಳು ಏಳುತ್ತವೆ. ನನಗೆ ಅದು ತಿಂಡಿಯಾದ ಅರ್ಧ ಗಂಟೆಯೊಳಗೆ. ಮನಸ್ಸು ಕುಗ್ಗಿದ ತಿಂಗಳುಗಳಲ್ಲಿ ತಡವಾಗಿ ಏಳುವುದು, ತಿಂಡಿ ಬಿಡುವುದು, ಬಂದ ಮಲದ ಒತ್ತಡವನ್ನು ಏಳಲಾರದೆ ತಡೆಯುವುದು ಇವೆಲ್ಲ ಸೇರಿ ಆ ಅವಕಾಶವನ್ನೇ ಕಳೆಯುತ್ತಿದ್ದವು. ಮತ್ತೆಮತ್ತೆ ತಡೆದರೆ ಒತ್ತಡದ ಅರಿವೇ ಮಂಕಾಗುತ್ತದೆ. ಆದ್ದರಿಂದ ಬೇಸರವಿದ್ದ ದಿನವೂ ಅದೇ ಹೊತ್ತಿಗೆ ಎದ್ದು ಏನಾದರೂ ತಿನ್ನುವುದನ್ನು ಮಾತ್ರ ಬಿಡಲಿಲ್ಲ.

ಕುತೂಹಲಕ್ಕೆಂದು ಒಂದು ಪ್ರಯೋಗವನ್ನೂ ನಡೆಸಿದೆ. ಬೇಯಿಸಿದ ಮೆಕ್ಕೆಜೋಳದ ಒಂದಿಷ್ಟು ಕಾಳುಗಳನ್ನು ಸರಿಯಾಗಿ ಅಗಿಯದೆ ನುಂಗಿ, ಅವು ಮಲದಲ್ಲಿ ಯಾವಾಗ ಕಾಣಿಸುತ್ತವೆಂದು ಗಮನಿಸಿದೆ. ನೆಮ್ಮದಿಯ ವಾರದಲ್ಲಿ ಹೆಚ್ಚುಕಡಿಮೆ ಒಂದೂವರೆ ದಿನ, ಕೆಲಸದ ಒತ್ತಡ ವಿಪರೀತವಾಗಿದ್ದ ವಾರದಲ್ಲಿ ನಾಲ್ಕು ದಿನದ ಹತ್ತಿರ. ಆ ವಾರ ಊಟ, ನಿದ್ರೆ ಎರಡೂ ಕಡಿಮೆಯಿದ್ದವು, ಹಾಗಾಗಿ ಎಲ್ಲವನ್ನೂ ಆತಂಕದ ಲೆಕ್ಕಕ್ಕೆ ಹಾಕಲಾರೆ. ಅದೇ ಆತಂಕ ಕೆಲವರಿಗೆ ಭೇದಿ ತರಿಸುತ್ತದೆ ಎಂಬುದೂ ನಿಜ.

ಸ್ನಾಯುವಿನ ಹಟ ಬಿಡಲು ಮೂರು ತಿಂಗಳಂತೂ ಹಿಡಿಯಿತು. ಬಿಗಿಯಿಲ್ಲದೆ ಕರುಳಷ್ಟೇ ನಿಧಾನವಾಗಿರುವವರಿಗೆ ಈ ಅಭ್ಯಾಸದಿಂದ ಹೆಚ್ಚು ಫಲ ಸಿಗಲಾರದು. ಅದಕ್ಕೇ ಪರೀಕ್ಷೆಯ ಖರ್ಚನ್ನು ಮೊದಲು ಮಾಡಿ ಎನ್ನುತ್ತೇನೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನಡುವಯಸ್ಸು ದಾಟಿದ ಮೇಲೆ ಹೊಸದಾಗಿ ಶುರುವಾದ ಬದಲಾವಣೆ, ಇವುಗಳಲ್ಲಿ ಯಾವುದಿದ್ದರೂ ಆತಂಕವೆಂದು ತಳ್ಳಿಹಾಕದೆ ತಪಾಸಣೆ ಮಾಡಿಸಬೇಕು. ಒತ್ತಡದ ವಾರಗಳಲ್ಲಿ ನನಗೆ ಈಗಲೂ ತಡವಾಗುತ್ತದೆ. ಆಗ ವೈದ್ಯರು ಹೇಳಿದ ಅಳತೆಯಲ್ಲಿ, ಕರುಳಿನಲ್ಲಿ ನೀರನ್ನು ಹಿಡಿದಿಡುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು ಎರಡು ಮೂರು ದಿನ ತೆಗೆದುಕೊಂಡು, ಮಲ ಮೆದುವಾದೊಡನೆ ನಿಲ್ಲಿಸುತ್ತೇನೆ.