ಗುಂಪು ಫೋಟೊದಲ್ಲಿ ಒಬ್ಬರ ಮುಖ ಬದಲಿಸಬೇಕೇ? ಮೊದಲು ಮೂಲ ಫೋಟೊ ಆರಿಸಿ

ಮಂಡ್ಯದ ಒಂದು ಛತ್ರ. ಆರತಕ್ಷತೆ ವೇದಿಕೆಯ ಮೇಲೆ ಹದಿನಾಲ್ಕು ಜನರ ಫೋಟೊವನ್ನು ಐದು ಸಲ ಕ್ಲಿಕ್ಕಿಸಲಾಗಿದೆ ಎಂದುಕೊಳ್ಳಿ. ಎರಡನೆಯದರಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ಅಜ್ಜಿಯ ಕಣ್ಣು ಮಾತ್ರ ಮುಚ್ಚಿದೆ. ನಾಲ್ಕನೆಯದರಲ್ಲಿ ಹಿಂದಿನ ಸಾಲಿನ ಚಿಕ್ಕಪ್ಪ ಕಣ್ಣು ಮುಚ್ಚಿದ್ದಾರೆ, ಮದುಮಗಳ ನಗುವೂ ತುಸು ಕಡಿಮೆ. ಮೂಲ ಫೋಟೊ ಆಗಿ, ಅಂದರೆ ಮುಖ ಬದಲಿಸಿ ಕೊನೆಗೆ ಉಳಿಸಿಕೊಳ್ಳುವ ಫೋಟೊ ಆಗಿ, ಹೆಚ್ಚಿನವರು ಎರಡನೆಯದನ್ನು ಎತ್ತಿಕೊಳ್ಳುತ್ತಾರೆ. ಎತ್ತಿಕೊಳ್ಳಬೇಕಾದ್ದು ನಾಲ್ಕನೆಯದನ್ನು.

ಅಜ್ಜಿಯ ಮಡಿಲಲ್ಲಿರುವ ಮಗು ಅವರ ಕೆನ್ನೆಗೆ ಕೈ ಒತ್ತಿದೆ. ಅಲ್ಲಿ ಹೊಸ ಮುಖ ಕೂರಿಸಲು ಒಂದೊಂದು ಬೆರಳಿನ ಸುತ್ತಲೂ ಕತ್ತರಿಸಬೇಕು. ಅಷ್ಟು ಮಾಡಿದರೂ ಬೆರಳಿನ ನೆರಳು ಹೊಸ ಕೆನ್ನೆಯ ಮೇಲೆ ಇರುವುದಿಲ್ಲ. ಚಿಕ್ಕಪ್ಪನ ತಲೆಯ ಹಿಂದೆ ಇರುವುದು ಬರೀ ಬಟ್ಟೆಯ ಪರದೆ. ಕೊರಳಪಟ್ಟಿಯವರೆಗೆ ತಲೆಯನ್ನು ಇಡಿಯಾಗಿ ಬದಲಿಸಬಹುದು. ಹಾಗಾಗಿ ಯಾರ ಮುಖ ಕೆಟ್ಟಿದೆ ಎನ್ನುವುದಕ್ಕಿಂತ, ಕೆಟ್ಟ ಮುಖಕ್ಕೆ ಏನೇನು ತಾಗಿಕೊಂಡಿದೆ ಎಂದು ಮೊದಲು ನೋಡಿ: ಪಕ್ಕದವರ ಭುಜ, ಹಾರ, ಮೈಸೂರು ಪೇಟದ ಅಂಚು, ಫ್ಲ್ಯಾಶ್ ಹೊಳೆಯುವ ಕನ್ನಡಕ.

ಇನ್ನು ಮುಖ ಕೊಡುವ ಫೋಟೊ. ಮೂಲದ ಹಿಂದಿನ ಅಥವಾ ಮುಂದಿನ ಕ್ಲಿಕ್ಕಿನಿಂದಲೇ ಹುಡುಕಲು ಶುರುಮಾಡಿ, ಇಲ್ಲಿ ಅಂದರೆ ಮೂರು ಮತ್ತು ಐದು. ಒಂದೊಂದನ್ನೂ ಮೂಲದ ಪಕ್ಕದಲ್ಲಿ ನೂರಕ್ಕೆ ನೂರು ಗಾತ್ರದಲ್ಲಿ ಇಟ್ಟು ಮೂಗಿನ ದಿಕ್ಕನ್ನು ಹೋಲಿಸಿ. ಮೂರನೆಯದರಲ್ಲಿ ಚಿಕ್ಕಪ್ಪ ಎಡಕ್ಕೆ ತಿರುಗಿ ನಗುತ್ತಿದ್ದು, ಮೂಲದಲ್ಲಿ ಭುಜ ನೇರವಾಗಿದ್ದರೆ ಕತ್ತು ತಿರುಚಿದಂತೆ ಕಾಣುತ್ತದೆ. ಅದಕ್ಕೆ ಮದ್ದಿಲ್ಲ, ಆ ಫೋಟೊ ಬಿಡಿ.

ಆಮೇಲೆ ಮೂಗಿನ ನೆರಳು ಯಾವ ಕಡೆ ಬಿದ್ದಿದೆ ನೋಡಿ. ಬೇಗ ಬೇಗ ಕ್ಲಿಕ್ ಮಾಡಿದಾಗ ಒಂದು ಸಲ ಫ್ಲ್ಯಾಶ್ ಉರಿಯದೆ, ವಿಡಿಯೊದವರ ಲೈಟಷ್ಟೇ ಬಿದ್ದಿರಬಹುದು. ಬಣ್ಣವನ್ನು ತಿದ್ದಿ ಹೊಂದಿಸಬಹುದು, ನೆರಳಿನ ದಿಕ್ಕನ್ನು ಆಗದು. ಫೋಕಸ್ಸನ್ನೂ ಗಮನಿಸಿ. ಮಸುಕು ಮುಖವನ್ನು ಸಹಜವಾಗಿ ಕಾಣುವಂತೆ ಚುರುಕು ಮಾಡುವುದು ಕಷ್ಟ. ಹೆಚ್ಚು ಚುರುಕಾಗಿರುವುದನ್ನು ತುಸು ಮಸುಕು ಮಾಡಬಹುದು.

ಸಾಲಿನ ತುದಿಯಲ್ಲಿ ನಿಂತವರ ವಿಷಯದಲ್ಲಿ ಇನ್ನೊಂದು ತೊಡಕು. ಅಗಲ ಲೆನ್ಸಿನಲ್ಲಿ ಅಂಚಿನ ಮುಖ ಹೊರಕ್ಕೆ ಹಿಗ್ಗಿರುತ್ತದೆ. ಅವರು ನಡುವೆ ನಿಂತಿದ್ದ ಫೋಟೊದ ಮುಖ ಅಲ್ಲಿಗೆ ಹೊಂದುವುದಿಲ್ಲ.

ಕೊನೆಯ ಪರೀಕ್ಷೆಗೆ ಐದು ನಿಮಿಷ ಸಾಕು. ಮೂಲ ಮತ್ತು ಮುಖ ಕೊಡುವ ಫೋಟೊಗಳನ್ನು ಫೋಟೊಶಾಪ್‌ನಲ್ಲಿ ಲೇಯರ್‌ಗಳಾಗಿ ಇಟ್ಟು, ಎರಡನ್ನೂ ಆಯ್ದು Auto-Align Layers ಕೊಡಿ, ಮೇಲಿನ ಲೇಯರ್‌ನ ಬ್ಲೆಂಡ್ ಮೋಡನ್ನು Difference ಮಾಡಿ. ಹೊಂದಿಕೊಂಡ ಜಾಗ ಕಪ್ಪಾಗುತ್ತದೆ. ಚಿಕ್ಕಪ್ಪನ ಕೊರಳಪಟ್ಟಿ, ಹಿಂದಿನ ಪರದೆ ಕಪ್ಪಾಗಿ ಮುಖದಲ್ಲಿ ಮಾತ್ರ ವ್ಯತ್ಯಾಸ ತಿಳಿಯಾಗಿ ಕಂಡರೆ ಜೋಡಿ ಸರಿಯಿದೆ. ಭುಜದ ಅಂಚಿನಲ್ಲಿ ದಪ್ಪ ತಿಳಿ ಗೆರೆ ಕಂಡರೆ ಅವರು ಕದಲಿದ್ದಾರೆ. ಆಗ ಮುಖ ಕೊಡಬಲ್ಲ ಇನ್ನೊಂದು ಫೋಟೊವನ್ನು ಹೀಗೇ ಇಟ್ಟು ನೋಡಿ. ಅದೂ ಕೂಡದಿದ್ದರೆ ಮುಖವನ್ನು ಎಳೆದು ಜಗ್ಗಿ ಕೂರಿಸಲು ಹೋಗದೆ ಮೂಲ ಫೋಟೊವನ್ನೇ ಬದಲಿಸಿ.