ದೀಪಾವಳಿಗೆ ಅಂಗಡಿಯ ಫೋನ್ ಏನು ಹೇಳಬೇಕು?

ಹಬ್ಬ ಹತ್ತಿರ ಬಂದಾಗ ಸೀರೆ ಅಂಗಡಿಯ ಕಸ್ಟಮರ್ ಕೇರ್ ನಂಬರ್‌ಗೆ ಬರುವ ಕರೆಗಳಲ್ಲಿ ಹೆಚ್ಚಿನವು ಎರಡೇ ಪ್ರಶ್ನೆಯವು. ಅಂಗಡಿ ತೆರೆದಿದೆಯಾ? ನನ್ನ ಪಾರ್ಸಲ್ ಎಲ್ಲಿ? ಆದರೆ ಆ ಕಡೆಯಿಂದ ಮೊದಲು ಕೇಳಿಸುವುದು ಇಂಥ ಮಾತು: "ಸಮಸ್ತ ಗ್ರಾಹಕ ಬಾಂಧವರಿಗೆ ಬೆಳಕಿನ ಹಬ್ಬದ ಹಾರ್ದಿಕ ಶುಭಾಶಯಗಳು. ಹಬ್ಬದ ಪ್ರಯುಕ್ತ ಭರ್ಜರಿ ರಿಯಾಯಿತಿ, ಷರತ್ತುಗಳು ಅನ್ವಯ..." ಇದು ಮುಗಿಯುವಷ್ಟರಲ್ಲಿ ಕೆಲವರು ಫೋನ್ ಇಟ್ಟಿರುತ್ತಾರೆ.

ಬಾಗಲಕೋಟೆಯ ಒಂದು ಸೀರೆ ಅಂಗಡಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ಮಾರುತ್ತಾರೆ, ಊರೂರಿಗೆ ಪಾರ್ಸಲ್ ಕಳಿಸುತ್ತಾರೆ. ಫೋನ್ ಎತ್ತುವವರು ಇಬ್ಬರೇ. 2026ರಲ್ಲಿ ಬಲಿಪಾಡ್ಯ ನವೆಂಬರ್ 10, ಮಂಗಳವಾರ. ಅಂದು ಅಂಗಡಿ ಬಂದ್. ಇಷ್ಟಕ್ಕೆ ಸಂದೇಶ ಬರೆಯಬೇಕು.

ಮೊದಲು ಮಾತನ್ನು ತುಂಡು ಮಾಡಿ

ಸ್ವಾಗತ, ಹಬ್ಬದ ಸುದ್ದಿ, ಮೆನು, ಈ ಮೂರನ್ನೂ ಒಂದೇ ಫೈಲ್‌ನಲ್ಲಿ ರೆಕಾರ್ಡ್ ಮಾಡಬೇಡಿ. ಬೇರೆ ಬೇರೆ ಫೈಲ್ ಇರಲಿ. ಹಬ್ಬ ಮುಗಿದ ಮೇಲೆ ನಡುವಿನ ಫೈಲ್ ಒಂದನ್ನೇ ತೆಗೆದರೆ ಸಾಕು, ಉಳಿದದ್ದು ವರ್ಷವಿಡೀ ನಡೆಯುತ್ತದೆ. ಎಲ್ಲ ಒಂದರಲ್ಲೇ ಇದ್ದರೆ ಬದಲಿಸುವ ಬೇಸರಕ್ಕೆ ಸಂಕ್ರಾಂತಿವರೆಗೂ ದೀಪಾವಳಿ ಶುಭಾಶಯ ಕೇಳಿಸುತ್ತಲೇ ಇರುತ್ತದೆ.

ಸ್ವಾಗತ ಒಂದೇ ವಾಕ್ಯ: "ನಮಸ್ಕಾರ, ಬಾಗಲಕೋಟೆಯ ಸೀರೆ ಅಂಗಡಿಗೆ ಕರೆ ಮಾಡಿದ್ದೀರಿ." ಅಲ್ಲಿ ನಿಮ್ಮ ಅಂಗಡಿಯ ಹೆಸರು ಬರಲಿ. ಸೊಲ್ಲಾಪುರ, ಬೆಳಗಾವಿ ಕಡೆಯ ಗಿರಾಕಿಗಳು ಇದ್ದರೆ ಇದರ ಬೆನ್ನಿಗೇ "ಮರಾಠೀಸಾಠೀ ನಊ ದಾಬಾ" ಎಂದು ಸೇರಿಸಿ. ಅದನ್ನು ಮರಾಠಿಯಲ್ಲೇ ಹೇಳಬೇಕು. ಕನ್ನಡ ಗೊತ್ತಿಲ್ಲದವರಿಗೆ "ಮರಾಠಿಗಾಗಿ ಒಂಬತ್ತು ಒತ್ತಿ" ಎಂದರೆ ಏನು ಉಪಯೋಗ?

ಆಮೇಲೆ ಹಬ್ಬದ ಸುದ್ದಿ:

"ನವೆಂಬರ್ ಹತ್ತು, ಮಂಗಳವಾರ, ಬಲಿಪಾಡ್ಯದ ದಿನ ಅಂಗಡಿ ಮುಚ್ಚಿರುತ್ತದೆ. ಹನ್ನೊಂದು, ಬುಧವಾರ ಮುಂಜಾನೆ ಹತ್ತು ಗಂಟೆಗೆ ತೆರೆಯುತ್ತದೆ."

ಇಲ್ಲಿ "ನಾಳೆ", "ಇಂದಿನಿಂದ", "ಹಬ್ಬದ ನಂತರ" ಎಂಬ ಮಾತೇ ಬರಬಾರದು. ಸೋಮವಾರ ರೆಕಾರ್ಡ್ ಮಾಡಿದ "ನಾಳೆ" ಮಂಗಳವಾರ ಕೇಳಿದವರಿಗೆ ಬುಧವಾರವಾಗುತ್ತದೆ. ತಾರೀಖು, ವಾರ ಎರಡೂ ಹೇಳಿ. ಒಂದು ಸರಿಯಾಗಿ ಕೇಳಿಸದಿದ್ದರೆ ಇನ್ನೊಂದು ಕೈಹಿಡಿಯುತ್ತದೆ. ಮುಚ್ಚಿರುವುದನ್ನು ಹೇಳಿ ಸುಮ್ಮನಾಗಬೇಡಿ. ಜನರಿಗೆ ಬೇಕಾದದ್ದು ಮತ್ತೆ ಯಾವಾಗ ತೆರೆಯುತ್ತದೆ ಎನ್ನುವುದು.

ಮೆನು: ಕೆಲಸ ಮುಂದೆ, ಅಂಕಿ ಹಿಂದೆ

"ಒಂದನ್ನು ಒತ್ತಿದರೆ ಪಾರ್ಸಲ್ ವಿಚಾರ" ಎಂದರೆ ಕೇಳುವವರು ಅಂಕಿಯನ್ನು ತಲೆಯಲ್ಲಿ ಹಿಡಿದುಕೊಂಡು ವಿಷಯಕ್ಕೆ ಕಾಯಬೇಕು. ಹೀಗಿರಲಿ: "ಪಾರ್ಸಲ್ ಎಲ್ಲಿದೆ ಎಂದು ತಿಳಿಯಲು ಒಂದು ಒತ್ತಿ. ಸೀರೆ ಬದಲಿಸಲು ಎರಡು ಒತ್ತಿ. ಆಫರ್ ಕೇಳಲು ಮೂರು ಒತ್ತಿ. ನಮ್ಮವರ ಜೊತೆ ಮಾತನಾಡಲು ಸೊನ್ನೆ ಒತ್ತಿ." ನಾಲ್ಕು ಸಾಕು. ಮೆನು ಮುಗಿದ ಮೇಲೆ ಐದು ಸೆಕೆಂಡ್ ಕಾದು, ಏನೂ ಒತ್ತದಿದ್ದರೆ ಇನ್ನೊಮ್ಮೆ ಹೇಳಿ, ಆಮೇಲೆ ನೇರವಾಗಿ ಸಿಬ್ಬಂದಿಗೆ ಕರೆ ಹೋಗುವಂತೆ ಮಾಡಿ. ಮಾತು ನಡೆಯುತ್ತಿರುವಾಗಲೇ ಅಂಕಿ ಒತ್ತಿದರೆ ಅದು ಕೆಲಸ ಮಾಡಬೇಕು. ಈ ಸೆಟ್ಟಿಂಗ್ ಇದೆಯಾ ಎಂದು ನಿಮ್ಮ ಫೋನ್ ಸೇವೆಯವರನ್ನು ಕೇಳಿ.

ಹತ್ತನೇ ತಾರೀಖಿಗೆ ಬೇರೆ ಮೆನು ಬೇಕು. ಅಂದು ಯಾರೂ ಇಲ್ಲದಿರುವಾಗ "ಸೊನ್ನೆ ಒತ್ತಿ" ಎಂದರೆ ರಿಂಗ್ ಆಗುತ್ತಲೇ ಇರುತ್ತದೆ. ಆ ದಿನ ಸೊನ್ನೆಯನ್ನು ತೆಗೆದು "ನಿಮ್ಮ ಹೆಸರು, ಆರ್ಡರ್ ನಂಬರ್ ಹೇಳಿ, ಬುಧವಾರ ನಾವೇ ಕರೆ ಮಾಡುತ್ತೇವೆ" ಎಂದು ರೆಕಾರ್ಡಿಂಗ್‌ಗೆ ಬಿಡಿ. ಹಾಗೆ ಹೇಳಿದ ಮೇಲೆ ಬುಧವಾರ ಕರೆ ಮಾಡಲೇಬೇಕು, ಅಲ್ವಾ?

ಆಫರ್‌ಗೆ ಜಾಗ ಹೋಲ್ಡ್‌ನಲ್ಲಿ

ಇಬ್ಬರೂ ಬೇರೆ ಕರೆಯಲ್ಲಿದ್ದರೆ ಮೂರನೆಯವರು ಕಾಯಬೇಕು. ಆಫರ್ ಹೇಳಲು ಅದು ಒಳ್ಳೆಯ ಹೊತ್ತು. ಮೊದಲ ಮಾತು ಮಾತ್ರ ಪರಿಸ್ಥಿತಿಯದ್ದೇ ಆಗಿರಲಿ: "ನಮ್ಮವರು ಇನ್ನೊಬ್ಬರ ಜೊತೆ ಮಾತನಾಡುತ್ತಿದ್ದಾರೆ. ಲೈನಿನಲ್ಲೇ ಇರಿ." ಆಮೇಲೆ ಅರ್ಧ ನಿಮಿಷ ಸಂಗೀತ. ಆಮೇಲೆ ಆಫರ್:

"ನವೆಂಬರ್ ಎಂಟರವರೆಗೆ, ಎರಡು ಕೈಮಗ್ಗದ ಇಳಕಲ್ ಸೀರೆ ಕೊಂಡರೆ ಗುಳೇದಗುಡ್ಡದ ಒಂದು ಖಣ ಉಚಿತ. ಪವರ್‌ಲೂಮ್ ಸೀರೆಗೆ ಈ ಆಫರ್ ಇಲ್ಲ. ಅಂಗಡಿಯಲ್ಲೂ ಪಾರ್ಸಲ್‌ನಲ್ಲೂ ಸಿಗುತ್ತದೆ."

"ಷರತ್ತುಗಳು ಅನ್ವಯ" ಎನ್ನುವ ಬದಲು ಷರತ್ತನ್ನೇ ಹೇಳಿದ್ದೇವೆ. ಇಲ್ಲದಿದ್ದರೆ ಪವರ್‌ಲೂಮ್ ಸೀರೆ ಕೊಂಡವರು ಖಣ ಎಲ್ಲಿ ಎಂದು ಅದೇ ನಂಬರ್‌ಗೆ ಮತ್ತೆ ಕರೆ ಮಾಡುತ್ತಾರೆ. ಒಂದು ಕರೆಯಲ್ಲಿ ಆಫರ್ ಎರಡು ಸಲಕ್ಕಿಂತ ಜಾಸ್ತಿ ಬೇಡ. ಎರಡು ನಿಮಿಷ ದಾಟಿದರೆ "ನಾವೇ ಕರೆ ಮಾಡಬೇಕಿದ್ದರೆ ಐದು ಒತ್ತಿ" ಎನ್ನಿ.

ಸಂಗೀತಕ್ಕೆ ಸಿನಿಮಾ ಹಾಡು ಹಾಕಬೇಡಿ. ಹಕ್ಕು ಅದರ ಒಡೆಯರದ್ದು, ಅನುಮತಿ ಬೇಕು. ಹಾಕಿದರೂ ಚೆನ್ನಾಗಿ ಕೇಳಿಸುವುದಿಲ್ಲ. ಮಾಮೂಲಿ ಫೋನ್ ಲೈನ್ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನಷ್ಟೇ ಸಾಗಿಸುತ್ತದೆ. ಮೊಬೈಲ್ ಅದನ್ನು ಮಾತಿಗೆ ಹೊಂದುವಂತೆ ಇನ್ನೂ ಕುಗ್ಗಿಸುತ್ತದೆ. ಹತ್ತು ವಾದ್ಯ ಕೂಡಿದ ಹಾಡು ಒಡೆದು ಗೊರಗೊರ ಅನ್ನುತ್ತದೆ. ಒಂದೇ ವಾದ್ಯದ ಮೆಲ್ಲನೆಯ ತುಣುಕನ್ನು ಗೊತ್ತಿರುವ ಕಲಾವಿದರ ಕೈಲಿ ನುಡಿಸಿ, ಬರವಣಿಗೆಯಲ್ಲಿ ಒಪ್ಪಿಗೆ ಪಡೆದು ಬಳಸಿ.

ರೆಕಾರ್ಡಿಂಗ್

ಸ್ಟುಡಿಯೋ ಬೇಕಿಲ್ಲ. ಅಂಗಡಿಯ ಗೋಡೌನ್‌ನಲ್ಲಿ ಸುತ್ತಲೂ ಸೀರೆ ಪೇರಿಸಿಟ್ಟ ಕಪಾಟುಗಳ ನಡುವೆ ನಿಲ್ಲಿ. ಬಟ್ಟೆ ಸದ್ದನ್ನು ಹೀರಿಕೊಳ್ಳುವುದರಿಂದ ಮಾತು ಗುಂಯ್ ಅನ್ನುವುದಿಲ್ಲ. ಫ್ಯಾನ್ ಆರಿಸಿ. ಫೋನನ್ನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಹಿಡಿಯಿರಿ. ಎಲ್ಲ ಫೈಲ್‌ಗಳೂ ಒಬ್ಬರದೇ ದನಿಯಲ್ಲಿ, ಒಂದೇ ದಿನ ಆಗಲಿ. ಮಾತು ಶುರುವಾಗುವ ಮೊದಲು ಅರ್ಧ ಸೆಕೆಂಡ್ ಖಾಲಿ ಬಿಡಿ. ಕರೆ ಸೇರುವಾಗ ಮೊದಲ ಎರಡು ಅಕ್ಷರ ನುಂಗಿಹೋಗಿ "ನಮಸ್ಕಾರ" ಬರೀ "ಸ್ಕಾರ" ಆಗುವುದುಂಟು.

ಅಂಕಿಗಳಲ್ಲಿ ಎಚ್ಚರ. ಎಂಬತ್ತು, ತೊಂಬತ್ತು ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ. ಇಪ್ಪತ್ತು, ಮೂವತ್ತೂ ಅಷ್ಟೇ. ಬೆಲೆ ಹೇಳಲೇಬೇಕಿದ್ದರೆ ಮೊದಲ ಅಕ್ಷರ ಒತ್ತಿ ಹೇಳಿ, ಸ್ವಲ್ಪ ತಡೆದು ಮುಂದುವರಿಯಿರಿ.

ಹಲವು ಐವಿಆರ್‌ಗಳಿಗೆ, ಅಂದರೆ ಕರೆಗೆ ತಾನೇ ಉತ್ತರಿಸಿ ಮೆನು ಹೇಳುವ ವ್ಯವಸ್ಥೆಗಳಿಗೆ, 8 ಕಿಲೋಹರ್ಟ್ಸ್, 16 ಬಿಟ್, ಮೋನೋ ವೇವ್ ಫೈಲ್ ಬೇಕು. ಮೊದಲು ರೆಕಾರ್ಡಿಂಗನ್ನು ವೇವ್ ಆಗಿ ಉಳಿಸಿ. ಕಂಪ್ಯೂಟರ್‌ನಲ್ಲಿ ಸಾಕ್ಸ್ ಎಂಬ ಉಚಿತ ಸಾಫ್ಟ್‌ವೇರ್ ಇದ್ದರೆ ಒಂದೇ ಸಾಲಿನಲ್ಲಿ ಕೆಲಸ ಮುಗಿಯುತ್ತದೆ:

```
sox padya.wav -r 8000 -c 1 -b 16 padya_till_1011.wav
```

ಫೈಲ್ ಹೆಸರಿನಲ್ಲೇ ಕೊನೆಯ ತಾರೀಖು ಇರುವುದನ್ನು ನೋಡಿ. ಪಟ್ಟಿ ತೆರೆದಾಗ ಯಾವುದನ್ನು ತೆಗೆಯಬೇಕೆಂದು ಯಾರಿಗಾದರೂ ಗೊತ್ತಾಗಬೇಕು.

ಪರೀಕ್ಷೆ

ಅಂಗಡಿಯವರೇ ಕೇಳಿದರೆ ಎಲ್ಲವೂ ಸರಿಯಾಗೇ ಕೇಳಿಸುತ್ತದೆ, ಬರೆದವರು ಅವರೇ ತಾನೇ. ವಿಷಯ ಗೊತ್ತಿಲ್ಲದ ಒಬ್ಬರಿಗೆ ಕೀಪ್ಯಾಡ್ ಫೋನ್ ಕೊಟ್ಟು, ಬಸ್ ಸ್ಟ್ಯಾಂಡ್‌ನಂಥ ಗದ್ದಲದ ಜಾಗದಿಂದ ಕರೆ ಮಾಡಿಸಿ. ಒಮ್ಮೆ ಕೇಳಿದ ಮೇಲೆ "ಅಂಗಡಿ ಯಾವಾಗ ತೆರೀತದೆ, ಖಣ ಯಾವ ಸೀರೆಗೆ?" ಎಂದು ಕೇಳಿ. ತಡವರಿಸಿದರೆ ಆ ವಾಕ್ಯವನ್ನು ಬದಲಿಸಿ.

ಸೇವೆಯವರ ಪ್ಯಾನೆಲ್‌ನಲ್ಲಿ ಸಂದೇಶ ಶುರುವಾಗುವ, ನಿಲ್ಲುವ ಹೊತ್ತು ಮೊದಲೇ ಹಾಕಿಡಿ. ಆಫರ್ ಎಂಟರ ರಾತ್ರಿಗೆ ನಿಲ್ಲಬೇಕು, ರಜೆಯ ಸುದ್ದಿ ಹತ್ತರ ರಾತ್ರಿಗೆ. ಎರಡಕ್ಕೂ ಬೇರೆ ಬೇರೆ ತಾರೀಖು ಎನ್ನುವುದು ಮರೆತೇ ಹೋಗುತ್ತದೆ. ಹಾಕಿದ್ದೇವೆಂದು ನಂಬಿ ಕೂರಬೇಡಿ. ಹನ್ನೊಂದರ ಮುಂಜಾನೆ ಶಟರ್ ಎತ್ತಿದ ತಕ್ಷಣ ಸ್ವಂತ ಮೊಬೈಲ್‌ನಿಂದ ಆ ನಂಬರ್‌ಗೆ ಒಮ್ಮೆ ಕರೆ ಮಾಡಿ, ಸೊನ್ನೆ ಒತ್ತಿ, ಕೌಂಟರ್‌ನ ಫೋನ್ ರಿಂಗ್ ಆಗುತ್ತದಾ ನೋಡಿ.