ಇನಿಷಿಯಲ್ ನಮ್ಮದು, ಹೆಸರು ಅವಳದೇ: ದತ್ತು ಮಗಳ ನಾಮಕರಣದಲ್ಲಿ ನನ್ನ ಅನುಭವ

ಜಾರ್ಖಂಡ್‌ನಿಂದ ನಾಲ್ಕು ವರ್ಷ ದಾಟಿದ ಮಗಳನ್ನು ಹೊಸನಗರದ ನಮ್ಮ ಮನೆಗೆ ಕರೆತಂದಾಗ, ಅವಳ ಹೆಸರನ್ನು ಉಳಿಸಿಕೊಳ್ಳುತ್ತೇವೆ ಎಂದ ನಮ್ಮ ಮಾತನ್ನು ಬಂಧುಗಳಲ್ಲಿ ಯಾರೂ ಒಪ್ಪಿರಲಿಲ್ಲ. ದತ್ತು ಪಡೆದ ಸ್ನೇಹಿತರೂ ಕೂಡ, ಹೊಸ ಮನೆಗೆ ಹೊಸ ಹೆಸರೇ ಲೇಸು, ಇಲ್ಲದಿದ್ದರೆ ಮಗು ಎಂದಿಗೂ ಹೊರಗಿನದಾಗಿಯೇ ಉಳಿಯುತ್ತದೆ ಎಂದಿದ್ದರು. ಮೂರು ವರ್ಷಗಳ ಬಳಿಕ ಅದೇ ಸ್ನೇಹಿತರಲ್ಲಿ ಇಬ್ಬರು ನಮ್ಮ ದಾರಿಯನ್ನೇ ಹಿಡಿದಿರುವುದರಿಂದ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ. ದತ್ತು ಮಗುವಿನ ಗುರುತನ್ನು ಬಹಿರಂಗಪಡಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಆದ್ದರಿಂದ ಈ ಬರಹದ ಮಟ್ಟಿಗೆ ಅವಳನ್ನು ಫೂಲ್ಮಣಿ ಎಂದು ಕರೆಯುತ್ತೇನೆ.

ದತ್ತು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಪ್ರಾಧಿಕಾರವಾದ ಕಾರಾದಲ್ಲಿ ನೋಂದಣಿ, ಕಾಯುವಿಕೆ ಇತ್ಯಾದಿಗಳನ್ನು ಓದುಗರು ಬಲ್ಲರು. ನಾನು ಹೇಳಬೇಕಾದದ್ದು ಮಗುವಿನ ಹಿನ್ನೆಲೆ ತಿಳಿಸುವ ಅಧ್ಯಯನ ವರದಿ ದತ್ತು ಸಂಸ್ಥೆಯಿಂದ ಕೈಗೆ ಬಂದ ನಂತರದ ಸಂಗತಿ. ವರದಿಯಲ್ಲಿ ಮಗುವಿಗೆ ಒಂದು ಹೆಸರು ಇದ್ದೇ ಇರುತ್ತದೆ. ಆದರೆ ಅದು ಮಗುವಿನೊಂದಿಗೆ ಬಂದ ಹೆಸರೋ, ಸಂಸ್ಥೆಯವರು ದಾಖಲಾತಿಗಾಗಿ ಇಟ್ಟದ್ದೋ ಎಂಬುದು ಅಲ್ಲಿಂದ ತಿಳಿಯುವುದಿಲ್ಲ. ಕೂಸಾಗಿದ್ದಾಗಲೇ ಸೇರಿದ ಮಗುವಿನ ಹೆಸರು ಬಹುತೇಕ ಸಂಸ್ಥೆಯದೇ, ಅದರಲ್ಲಿ ಪರಂಪರೆಯನ್ನು ಹುಡುಕಿ ಪ್ರಯೋಜನವಿಲ್ಲ. ಹಾಗಾಗಿ ನಾನು ಅಲ್ಲಿನ ಸಮಾಜ ಕಾರ್ಯಕರ್ತೆಯನ್ನು ಕೇಳಿದ್ದು ಒಂದೇ ಪ್ರಶ್ನೆ: ಈ ಹೆಸರನ್ನು ಮೊದಲು ಯಾರ ಬಾಯಿಂದ ಕೇಳಿದಿರಿ? ಮಗು ಮೂರರ ಆಸುಪಾಸಿನಲ್ಲಿ ಸೇರಿದವಳು, ಆಗ ಅವಳಿಗೆ ಸಂತಾಲಿ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ, ಹೆಸರನ್ನು ಅವಳೇ ಹೇಳಿದ್ದಳು ಎಂಬ ಉತ್ತರ ಬಂತು. ನಮ್ಮ ತೀರ್ಮಾನ ಅರ್ಧ ಆದದ್ದು ಅಲ್ಲಿಯೇ.

ಉಳಿದರ್ಧವನ್ನು ಸಂತಾಲ ಬುಡಕಟ್ಟಿನವರ ಪದ್ಧತಿಯೇ ಮಾಡಿಸಿತು. ಅವರಲ್ಲಿ ಮೊದಲ ಮಗಳಿಗೆ ತಂದೆಯ ತಾಯಿಯ ಹೆಸರನ್ನಿಡುವುದು ರೂಢಿ. ಹೆಸರು ಸಾಯಬಾರದು ಎಂಬುದು ಅದರ ಹಿಂದಿನ ಭಾವ. ರಾಷ್ಟ್ರಪತಿ ದ್ರೌಪದಿ ಮುರ್ಮು ಅವರೂ ತಮ್ಮ ಸಂತಾಲಿ ಹೆಸರು ಪುಟಿ ಎಂದೂ, ದ್ರೌಪದಿ ಎಂಬುದು ಶಾಲೆಯಲ್ಲಿ ಮೇಷ್ಟ್ರು ಇಟ್ಟದ್ದೆಂದೂ ಸಂದರ್ಶನವೊಂದರಲ್ಲಿ ಹೇಳಿದ್ದಾರೆ. ನಮ್ಮ ಮಗಳ ಹೆಸರು ಯಾವ ಅಜ್ಜಿಯದೋ ತಿಳಿಯುವ ಮಾರ್ಗವಿಲ್ಲ. ಆದರೂ ಆ ಮನೆಯಿಂದ ಅವಳು ತಂದ ಆಸ್ತಿ ಇದೊಂದೇ ಆಗಿರುವ ಸಾಧ್ಯತೆ ಇರುವಾಗ ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಹಾಗೆಂದು ಬೇರೆ ದಾರಿಗಳನ್ನು ನಾವು ಪರೀಕ್ಷಿಸದೆ ಬಿಡಲಿಲ್ಲ. ಒಂದು ದಾಖಲೆಯ ಕೊರತೆಯಿಂದ ದತ್ತು ಅರ್ಜಿ ಸಲ್ಲಿಕೆ ಒಂದು ತಿಂಗಳಿಗೂ ಹೆಚ್ಚು ತಡವಾದದ್ದರಿಂದ ಪ್ರಯೋಗಕ್ಕೆ ಸಮಯವೂ ಸಿಕ್ಕಿತು. ನಾದಿನಿ ಆರಿಸಿದ, ಈಗ ಪ್ರತಿ ತರಗತಿಯಲ್ಲೂ ಮೂರು ಮಂದಿಗಿರುವ ಹೆಸರನ್ನು ಮನೆಯವರೆಲ್ಲ ಎರಡು ವಾರ ಕರೆದೆವು. ಅವಳು ಜಗಲಿಯಲ್ಲಿ ಅಡಿಕೆಸಿಪ್ಪೆ ಜೋಡಿಸಿಕೊಂಡು ಆಡುತ್ತಿರುವಾಗ ಅಡುಗೆಮನೆಯಿಂದ ಆ ಹೆಸರು ಕೂಗಿದರೆ ಹತ್ತರಲ್ಲಿ ಎರಡು ಸಲವೂ ತಿರುಗುತ್ತಿರಲಿಲ್ಲ. ತನ್ನ ಹೆಸರು ಕೇಳಿದರೆ ಸಿಪ್ಪೆ ಕೈಯಲ್ಲಿರುವಂತೆಯೇ ಓಡಿ ಬರುತ್ತಿದ್ದಳು. ಪಕ್ಕದ ಮನೆಯವರು ಪ್ರೀತಿಯಿಂದಲೇ ಹೂಮಣಿ ಎಂದು ತಿದ್ದಿ ಕರೆದರು. ಅದಕ್ಕೆ ಅವಳು ತಿರುಗುತ್ತಿದ್ದಳು, ಆದರೆ ಪ್ರತಿ ಸಲವೂ ತಪ್ಪು ಹೇಳಿದ ಮಗುವನ್ನು ತಿದ್ದುವ ಟೀಚರಿನಂತೆ ತನ್ನ ಹೆಸರನ್ನು ಬಿಡಿಸಿ ಹೇಳುತ್ತಿದ್ದಳು. ಮನೆಗೊಂದು, ಶಾಲೆಗೊಂದು ಎಂಬ ಉಪಾಯವೂ ಅಂಗನವಾಡಿಯ ಮೊದಲ ಹಾಜರಿಯಲ್ಲೇ ಮುಗಿಯಿತು. ಹೊಸ ಹೆಸರು ಕರೆದಾಗ, ಆ ಹುಡುಗಿ ಬಂದಿಲ್ಲ ಎಂದು ಇವಳೇ ಹೇಳಿದಳಂತೆ.

ಇನ್ನೊಂದು ಆಮಿಷವೂ ಇತ್ತು. ಪರಂಪರೆಯನ್ನು ಉಳಿಸುವುದಾದರೆ ಪೂರ್ತಿಯಾಗಿ ಉಳಿಸೋಣ, ಹೆಂಬ್ರಮ್, ಸೊರೇನ್, ಟುಡು ಇಂಥ ಒಂದು ಕುಲನಾಮವನ್ನೂ ಸೇರಿಸೋಣ ಎಂದು ನಮ್ಮವರು ಹೇಳಿದರು. ನಾನು ಖಡಾಖಂಡಿತವಾಗಿ ಬೇಡವೆಂದೆ. ವರದಿಯಲ್ಲಿ ಕುಲದ ಉಲ್ಲೇಖವಿರಲಿಲ್ಲ. ಸಂತಾಲರಲ್ಲಿ ಒಂದೇ ಕುಲದವರು ಪರಸ್ಪರ ಮದುವೆಯಾಗುವುದಿಲ್ಲ. ಅಂದರೆ ಆ ಹೆಸರು ಯಾರು ಯಾರಿಗೆ ಏನಾಗಬೇಕು ಎಂಬುದನ್ನು ನಿರ್ಧರಿಸುತ್ತದೆ. ಅಂದಾಜಿನ ಮೇಲೆ ಅಂಟಿಸಿದ ಕುಲನಾಮ ಮುಂದೆ ಅವಳು ತನ್ನವರನ್ನು ಹುಡುಕಿ ಹೊರಟರೆ ಅವಳನ್ನು ತಪ್ಪು ಮನೆಯ ಬಾಗಿಲಿಗೆ ಕರೆದೊಯ್ಯುತ್ತದೆ. ಗೊತ್ತಿರುವಷ್ಟನ್ನು ಉಳಿಸಬೇಕು, ಗೊತ್ತಿಲ್ಲದ್ದನ್ನು ಸೃಷ್ಟಿಸಬಾರದು ಎಂಬ ವಿಷಯದಲ್ಲಿ ನಾನು ಈಗಲೂ ಹಠವಾದಿಯೇ.

ಹಾಗಾದರೆ ನಮ್ಮ ಮನೆಯ ಗುರುತು ಎಲ್ಲಿ ಎಂಬ ಪ್ರಶ್ನೆ ಅತ್ತೆಯವರದು. ಅವರ ಆತಂಕ ಎರಡು: ನಕ್ಷತ್ರಕ್ಕೆ ಹೊಂದುವ ಅಕ್ಷರವಿಲ್ಲ, ಕುಲದೇವತೆಯ ಹೆಸರಿಲ್ಲ. ಮಗಳ ಜನ್ಮದಿನವೇ ವೈದ್ಯರು ಅಂದಾಜಿಸಿ ಬರೆದದ್ದು, ಹುಟ್ಟಿದ ವೇಳೆಯಂತೂ ಯಾರಿಗೂ ಗೊತ್ತಿಲ್ಲ. ಇಲ್ಲಿ ನೆರವಿಗೆ ಬಂದದ್ದು ನಮ್ಮ ನಾಮಕರಣವೇ. ಅದರಲ್ಲಿ ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯವಹಾರನಾಮ ಎಂದು ನಾಲ್ಕಕ್ಕೆ ಸ್ಥಳವಿದೆ. ಎಲ್ಲವನ್ನೂ ಒಂದೇ ಹೆಸರಿನೊಳಗೆ ತುರುಕಲು ಹೋಗಿ ನಾವು ಸುಮ್ಮನೆ ಒದ್ದಾಡುತ್ತೇವೆ. ಜನ್ಮನಕ್ಷತ್ರ ತಿಳಿಯದಿದ್ದರೆ ಕರೆಯುವ ಹೆಸರಿನ ಮೊದಲ ಅಕ್ಷರದಿಂದಲೇ ನಾಮನಕ್ಷತ್ರವನ್ನು ಹಿಡಿಯುವ ಕ್ರಮವೂ ಇದೆ. ಈ ಬರಹದಲ್ಲಿ ಅವಳಿಗಿಟ್ಟ ಹೆಸರಿಗೆ ಲೆಕ್ಕ ಹಾಕಿದರೆ ಫಕಾರಕ್ಕೆ ಪೂರ್ವಾಷಾಢ, ಧನು ರಾಶಿ. ಪುರೋಹಿತರು ಪಂಚಾಂಗ ತೆರೆದು ಇದನ್ನು ತೋರಿಸಿದ ಮೇಲೆ ಅತ್ತೆಯವರ ಮೊದಲ ತಕರಾರು ಮುಗಿಯಿತು. ಅವರನ್ನು ಪುರೋಹಿತರ ಬಳಿ ಹೋಗಲು ಒಪ್ಪಿಸಿದ ಬಗೆಯನ್ನು ಮಾತ್ರ ಇಲ್ಲಿ ಬರೆಯಲಾರೆ, ಅದು ಇನ್ನೂ ನನಗೆ ಉಪಯೋಗಕ್ಕೆ ಬರುತ್ತಿದೆ.

ದೇವತಾನಾಮವಾಗಿ ಚಂದ್ರಗುತ್ತಿಯ ರೇಣುಕಾಂಬೆಯ ಹೆಸರನ್ನು ಎರಡನೆಯದಾಗಿ ಇಟ್ಟೆವು. ತಟ್ಟೆಯಲ್ಲಿ ಹರವಿದ ಅಕ್ಕಿಯ ಮೇಲೆ ನನ್ನವರು ಉಂಗುರದಿಂದ ಎರಡೂ ಹೆಸರುಗಳನ್ನು ಬರೆದಾಗ, ಮಡಿಲಲ್ಲಿ ಕೂತಿದ್ದ ಮಗಳು ತಾನೂ ಬೆರಳಿಟ್ಟು ಒಂದು ಗೆರೆ ಎಳೆದಳು. ಅತ್ತೆಯವರು ಅದನ್ನು ಅಳಿಸಗೊಡಲಿಲ್ಲ. ಇನ್ನು ಊರು ಮತ್ತು ಅಪ್ಪನ ಹೆಸರು ನಮ್ಮ ಕಡೆ ಹೇಗಿದ್ದರೂ ಇನಿಷಿಯಲ್ಲಿನಲ್ಲಿ ಬರುತ್ತವೆ. ಹಾಜರಿ ಪುಸ್ತಕದಲ್ಲಿ ಅವಳ ಅಕ್ಕಪಕ್ಕ ಕೂರುವ ಚಿಕ್ಕಪ್ಪನ ಮಕ್ಕಳಿಗೂ ಅವಳಿಗೂ ಮೊದಲಕ್ಷರ ಒಂದೇ. ಮನೆತನಕ್ಕೆ ಸೇರಿದವಳು ಎಂದು ತೋರಿಸಲು ಅಷ್ಟು ಸಾಕು.

ಹಣ ಉಳಿಸಿದ ಹೆಜ್ಜೆ ಇದು. ದತ್ತು ಆದೇಶ ಈಗ ನ್ಯಾಯಾಲಯದಿಂದಲ್ಲ, ಸಂಸ್ಥೆ ಇರುವ ಜಿಲ್ಲೆಯ ಜಿಲ್ಲಾಧಿಕಾರಿಯಿಂದ ಬರುತ್ತದೆ. ಅದರ ಆಧಾರದ ಮೇಲೆಯೇ ಜನನ ಪ್ರಮಾಣಪತ್ರ. ಆದ್ದರಿಂದ ಅರ್ಜಿಯಲ್ಲಿಯೇ, ಈಗಿನ ಹೆಸರು ಇದು, ಇನ್ನು ಮುಂದಿನ ಪೂರ್ಣ ಹೆಸರು ಇದು ಎಂದು ಎರಡನ್ನೂ ಬರೆಸಿದೆವು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲವಾದ್ದರಿಂದ ಅವನ್ನು ಬಿಡಿಸಿಯೇ ಬರೆಸಿದೆವು. ಇಂಗ್ಲಿಷ್ ಕಾಗುಣಿತವನ್ನು ನಾನೇ ಕಾಗದದಲ್ಲಿ ದೊಡ್ಡಕ್ಷರಗಳಲ್ಲಿ ಬರೆದುಕೊಟ್ಟೆ, ಏಕೆಂದರೆ ಅಲ್ಲಿಯ ಹಳೆಯ ಕಾಗದಗಳಲ್ಲೇ ಹೆಸರು ಒಂದೆಡೆ ಪಿ-ಎಚ್‌ನಿಂದಲೂ ಇನ್ನೊಂದೆಡೆ ಎಫ್‌ನಿಂದಲೂ ಆರಂಭವಾಗುತ್ತಿತ್ತು. ಆದೇಶದ ಬಳಿಕ ಹೆಸರು ಬದಲಿಸಿದ ಪರಿಚಿತರೊಬ್ಬರು ಅಫಿಡವಿಟ್, ಪತ್ರಿಕಾ ಜಾಹೀರಾತು, ರಾಜ್ಯಪತ್ರ ಎಂದು ಹತ್ತು ಸಾವಿರದ ಹತ್ತಿರ ಕಳೆದುಕೊಂಡರು, ಓಡಾಟ ಬೇರೆ. ನಮಗೆ ಮನೆ ಅಧ್ಯಯನ ವರದಿಗೆ 6,000, ಸಂಸ್ಥೆಗೆ 50,000, ರಾಂಚಿಯವರೆಗಿನ ರೈಲು, ವಸತಿಗಳಿಗೆ ಸುಮಾರು ಮೂವತ್ತು ಸಾವಿರ ಆಯಿತೇ ಹೊರತು ಹೆಸರಿಗೆಂದು ಆದದ್ದು ಪುರೋಹಿತರ ದಕ್ಷಿಣೆ ಮತ್ತು ಹೋಳಿಗೆ ಊಟದ ಖರ್ಚು ಮಾತ್ರ.

ಮಗುವೇ ಹಳೆಯ ಹೆಸರನ್ನು ಕೇಳಿದರೆ ಮುದುಡಿಕೊಳ್ಳುತ್ತದೆಯೆಂದಾದರೆ ಈ ಕ್ರಮವನ್ನು ಅನುಸರಿಸಬೇಡಿ. ಅಂಥ ಹೆಸರಿನೊಂದಿಗೆ ಏಟಿನ ನೆನಪೂ ಇರಬಹುದು. ಆಗ ಮಗು ಒಪ್ಪಿದ ಹೊಸ ಹೆಸರನ್ನು ಕರೆಯುವುದೇ ಸರಿ, ಹಳೆಯದು ಆದೇಶದ ಪ್ರತಿಯಲ್ಲಿ ಹೇಗೂ ದಾಖಲಾಗಿರುತ್ತದೆ. ಆ ಪ್ರತಿಯನ್ನು ಲ್ಯಾಮಿನೇಟ್ ಮಾಡಿಸಬೇಡಿ, ಮುದ್ರೆ ಕಾಣುವುದಿಲ್ಲವೆಂದು ಕೆಲವು ಕಚೇರಿಗಳಲ್ಲಿ ಹಿಂದಿರುಗಿಸುತ್ತಾರೆ.